ನೃತ್ಯ ಪ್ರದರ್ಶನದ ಪ್ರಕಟಣೆ: ಕೊನೆಯ ಸಾಲನ್ನು ಮೊದಲು ಬರೆಯಿರಿ

ನೃತ್ಯಶಾಲೆಗಳು ಹಂಚುವ ಪ್ರಕಟಣೆಗಳಲ್ಲಿ ಚಿತ್ರಕ್ಕೆ ಸಿಗುವ ಗಮನ ಅದರ ಕೆಳಗಿನ ಒಕ್ಕಣೆಗೆ ಸಿಗುವುದಿಲ್ಲ. ಅರಮಂಡಿಯಲ್ಲಿ ನಿಂತ ಮಗುವಿನ ಚಿತ್ರ, ಅತಿಥಿಗಳ ಪಟ್ಟಿ, ಕಲೆಯನ್ನು ಕೊಂಡಾಡುವ ನಾಲ್ಕು ಮಾತು, ಕೊನೆಗೆ ‘ಸರ್ವರಿಗೂ ಆದರದ ಸ್ವಾಗತ’. ಆದರೆ ಓದುವವರ ಮನಸ್ಸಿನಲ್ಲಿರುವ ಪ್ರಶ್ನೆಗಳೇ ಬೇರೆ. ದುಡ್ಡು ಕೊಡಬೇಕೇ? ಹೋದರೆ ಕುರ್ಚಿ ಸಿಗುತ್ತದೆಯೇ? ಎಷ್ಟು ಹೊತ್ತಿಗೆ ಮುಗಿಯುತ್ತದೆ? ಶಿರಂಗಾಲದಂಥ ಊರಿನಲ್ಲಿ ಈ ಪ್ರಶ್ನೆಗಳು ಇನ್ನೂ ಮುಖ್ಯ. ಇದು ಕೊಡಗಿನ ಗಡಿಯ ಊರು. ಒಂದು ಕಡೆ ಹೆಬ್ಬಾಲೆ, ಕುಶಾಲನಗರ. ಇನ್ನೊಂದು ಕಡೆ ಹಾಸನ ಜಿಲ್ಲೆಯ ಕೊಣನೂರು, ರಾಮನಾಥಪುರ. ಎರಡೂ ಕಡೆಯಿಂದ ಬರುವವರು ಸಂಜೆ ಬಸ್ಸಿಗೋ ಬೈಕಿಗೋ ಮನೆ ಮುಟ್ಟಬೇಕು. ಆದ್ದರಿಂದ ಒಕ್ಕಣೆಯನ್ನು ಬರೆಯಬೇಕಾದದ್ದು ಕೊನೆಯಿಂದ: ಪ್ರವೇಶ ಮತ್ತು ಆಸನದ ಸಾಲು ಮೊದಲು, ಕಲಾವಿದರು ನಂತರ, ಅಲಂಕಾರದ ಮಾತು ಜಾಗ ಉಳಿದರೆ.

ಹೆಜ್ಜೆ 1: ಕುರ್ಚಿ ಎಣಿಸಿ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಸಭಾಂಗಣದಲ್ಲಿ 200 ಕುರ್ಚಿಗಳಿವೆ, ನರ್ತಿಸುವ ಮಕ್ಕಳು 30. ಒಂದೊಂದು ಮಗುವಿನ ಮನೆಯಿಂದ ಅಪ್ಪ, ಅಮ್ಮ, ಅಜ್ಜಿ, ತಮ್ಮ ಎಂದು ನಾಲ್ವರು ಬಂದರೂ 120 ಕುರ್ಚಿ ಹೋಯಿತು. ಅತಿಥಿಗಳಿಗೂ ಪಕ್ಕವಾದ್ಯದವರ ಮನೆಯವರಿಗೂ 20 ಬಿಡಿ. ಊರಿನ ಇತರರಿಗೆ ಉಳಿಯುವುದು 60 ಮಾತ್ರ. ‘ಪ್ರವೇಶ ಉಚಿತ, ಎಲ್ಲರೂ ಬನ್ನಿ’ ಎಂದಷ್ಟೇ ಬರೆದರೆ ಆಗುವುದೇನು? ಬೇಗ ಬಂದವರು ಮುಂದೆ ಕೂರುತ್ತಾರೆ. ಮಗುವಿಗೆ ಜಡೆ ಹೆಣೆದು, ಗೆಜ್ಜೆ ಕಟ್ಟಿ ತಡವಾಗಿ ಒಳಬರುವ ತಾಯಿ ಹಿಂದಿನ ಗೋಡೆಗೆ ಒರಗಿ ನಿಲ್ಲಬೇಕಾಗುತ್ತದೆ. ಉಚಿತ ಕಾರ್ಯಕ್ರಮಕ್ಕೆ ಆಸನದ ವಿವರ ಯಾತಕ್ಕೆ ಎಂದು ಕೇಳುವವರಿದ್ದಾರೆ. ಆದರೆ ಟಿಕೆಟ್ ಇದ್ದಾಗ ಮಾರಾಟವಾದ ಟಿಕೆಟ್ಟೇ ತಲೆಲೆಕ್ಕ ಕೊಡುತ್ತದೆ. ಉಚಿತವಾದಾಗ ಆ ಲೆಕ್ಕ ಇರುವುದಿಲ್ಲ, ಹಾಗಾಗಿ ಆ ಕೆಲಸವನ್ನು ಒಕ್ಕಣೆಯೇ ಮಾಡಬೇಕು. ಮನೆಗೆ ನಾಲ್ಕು ಪಾಸ್ ಕೊಟ್ಟು, ಆ ಆಸನಗಳನ್ನು ಎಷ್ಟು ಗಂಟೆಯವರೆಗೆ ಕಾಯ್ದಿರಿಸಲಾಗುತ್ತದೆ ಎಂದು ಹೇಳಿ, ಆಮೇಲೆ ಖಾಲಿ ಉಳಿದದ್ದು ಇತರರಿಗೆ ಎಂದು ಬರೆದರೆ ಬಾಗಿಲಲ್ಲಿ ಮಾತಿಗೆ ಮಾತು ಬೆಳೆಯುವುದಿಲ್ಲ.

ಹೆಜ್ಜೆ 2: ‘ಉಚಿತ’ ಎಂದರೆ ಏನೆಂದು ತೀರ್ಮಾನಿಸಿ

ಉಚಿತ, ಪಾಸ್, ದೇಣಿಗೆ, ಟಿಕೆಟ್ ಇವು ನಾಲ್ಕು ಬೇರೆ ಬೇರೆ ಮಾತು. ‘ಪ್ರವೇಶ ಉಚಿತ’ ಎಂದು ಬರೆದು ಕೆಳಗೆ ‘ಪಾಸ್ ಕಡ್ಡಾಯ’ ಎಂದು ಸೇರಿಸಿದರೆ, ಪಾಸ್ ಎಲ್ಲಿ ಸಿಗುತ್ತದೆ ಎಂದು ತಿಳಿಯದವರು ಬರುವುದೇ ಇಲ್ಲ. ‘ದೇಣಿಗೆ ಪಾಸ್ ₹100’ ಎಂದು ಬರೆದು, ಅದಿಲ್ಲದೆ ಒಳಗೆ ಬಿಡದಿದ್ದರೆ ಅದು ಟಿಕೆಟ್ಟೇ, ಹಾಗೆಂದೇ ಬರೆಯಿರಿ. ಈ ವ್ಯತ್ಯಾಸಕ್ಕೆ ಕಾನೂನಿನ ಬೆಂಬಲವೂ ಇದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಂ, ಹವ್ಯಾಸಿ ಸಂಘಗಳು ಹಣ ಕೊಡದ ಪ್ರೇಕ್ಷಕರ ಮುಂದೆ ಸಂಗೀತ ಕೃತಿಯನ್ನು ಪ್ರದರ್ಶಿಸಿದರೆ ಅದನ್ನು ಉಲ್ಲಂಘನೆ ಎಂದು ಎಣಿಸುವುದಿಲ್ಲ. ಆದರೆ ಆ ಮಾತು ಕೃತಿಯನ್ನು ಪ್ರದರ್ಶಿಸುವುದಕ್ಕೆ ಸಂಬಂಧಿಸಿದ್ದು. ಧ್ವನಿಮುದ್ರಿತ ಹಾಡು ಹಾಕಿ ಕುಣಿಸುವುದಕ್ಕೆ ಅದನ್ನೇ ನೆಚ್ಚಿಕೊಳ್ಳುವಂತಿಲ್ಲ. ಸಭಾಂಗಣದ ಬಾಡಿಗೆ, ಧ್ವನಿ ಬೆಳಕಿನ ಖರ್ಚು ಯಾರು ಕೊಡಬೇಕು ಎಂಬುದು ನ್ಯಾಯವಾದ ಪ್ರಶ್ನೆ. ಅದಕ್ಕೆ ಟಿಕೆಟ್ ಇಡುವುದು ತಪ್ಪೂ ಅಲ್ಲ. ದರ, ಎಷ್ಟು ವರ್ಷದೊಳಗಿನ ಮಕ್ಕಳಿಗೆ ಬೇಡ, ಎಲ್ಲಿ ಸಿಗುತ್ತದೆ, ಬಾಗಿಲಲ್ಲೂ ಸಿಗುತ್ತದೆಯೇ ಎಂಬ ನಾಲ್ಕನ್ನು ಒಂದೇ ಸಾಲಿನಲ್ಲಿ ಹೇಳಿದರೆ ಸಾಕು.

ಹೆಜ್ಜೆ 3: ಕಾರ್ಯಕ್ರಮಕ್ಕೆ ಸರಿಯಾದ ಹೆಸರು, ಕಲಾವಿದರಿಗೆ ಸರಿಯಾದ ಸಾಲು

ರಂಗಪ್ರವೇಶ ಎಂಬುದು ಒಬ್ಬ ವಿದ್ಯಾರ್ಥಿ ಅಲರಿಪುವಿನಿಂದ ತಿಲ್ಲಾನದವರೆಗಿನ ಮಾರ್ಗವನ್ನು ಮೊದಲ ಬಾರಿಗೆ ಏಕವ್ಯಕ್ತಿ ಪ್ರದರ್ಶನವಾಗಿ ನಡೆಸಿಕೊಡುವುದು. 30 ಮಕ್ಕಳು ಸೇರಿ ಮಾಡುವುದು ವಾರ್ಷಿಕೋತ್ಸವ ಅಥವಾ ನೃತ್ಯ ಪ್ರದರ್ಶನ. ತೂಕಕ್ಕೆಂದು ಮೊದಲ ಹೆಸರನ್ನು ಎರಡನೆಯದಕ್ಕೆ ಇಟ್ಟರೆ, ವರ್ಣವನ್ನು ನೋಡಲೆಂದು ದೂರದಿಂದ ಬಂದ ರಸಿಕರು ಪುಟ್ಟ ಮಕ್ಕಳ ಗುಂಪು ನೃತ್ಯ ಕಂಡು ನಿರಾಶರಾಗುತ್ತಾರೆ. ತಪ್ಪು ಮಕ್ಕಳದಲ್ಲ, ಒಕ್ಕಣೆಯದು. ಹಾಗೆಯೇ ಹಿಮ್ಮೇಳವಿದೆಯೇ, ಧ್ವನಿಮುದ್ರಿಕೆಯೇ ಎಂಬುದನ್ನೂ ಹೇಳಿ. ನಟುವಾಂಗ, ಗಾಯನ, ಮೃದಂಗ, ಕೊಳಲು ಎಂದು ವಾದ್ಯದ ಮುಂದೆಯೇ ಹೆಸರಿರಲಿ. ‘ಮತ್ತು ಸಂಗಡಿಗರು’ ಎಂಬುದರಲ್ಲಿ ಮೃದಂಗದವರನ್ನು ಮುಳುಗಿಸಬೇಡಿ.

ಎಲ್ಲ ಮಕ್ಕಳ ಹೆಸರೂ ಬರಲೇಬೇಕು ಎಂಬುದು ಹೆತ್ತವರ ಆಸೆ. ಒಕ್ಕಣೆ ಉದ್ದವಾದರೆ ಯಾರೂ ಓದುವುದಿಲ್ಲ ಎಂಬುದು ಸಂಘಟಕರ ಅಂಜಿಕೆ. ಎರಡೂ ಸರಿಯೇ. ವಾಟ್ಸ್‌ಆ್ಯಪ್‌ನಲ್ಲಿ ಉದ್ದದ ಒಕ್ಕಣೆಯ ಮೊದಲ ಸಾಲುಗಳು ಮಾತ್ರ ಕಂಡು, ಉಳಿದದ್ದು ಮಡಚಿಕೊಳ್ಳುತ್ತದೆ. ಆದ್ದರಿಂದ ಪ್ರವೇಶ, ದಿನ, ಹೊತ್ತು, ಜಾಗ ಮೇಲಿರಲಿ. ಹೆಸರುಗಳು ಕೆಳಗೆ, ನೃತ್ಯಬಂಧದ ಕ್ರಮದಲ್ಲಿ ಗುಂಪುಗುಂಪಾಗಿ ಬರಲಿ. ತಮ್ಮ ಮಗುವಿನ ಹೆಸರು ಹುಡುಕುವವರು ಮಡಿಕೆ ಬಿಚ್ಚಿ ಓದಿಯೇ ಓದುತ್ತಾರೆ. ಹೆಸರು, ಚಿತ್ರ ಹಾಕುವ ಮೊದಲು ಮನೆಯವರ ಒಪ್ಪಿಗೆ ಪಡೆಯಿರಿ. ಮಗುವಿನ ಶಾಲೆಯ ವಿವರ ಬೇಡವೇ ಬೇಡ. ಕ್ರಮವನ್ನು ಹೇಳಿ, ಆದರೆ ಯಾವ ನೃತ್ಯ ಎಷ್ಟು ನಿಮಿಷಕ್ಕೆ ಎಂದು ಹೇಳಬೇಡಿ. ನಿಮಿಷ ಗೊತ್ತಾದರೆ ಮನೆಯವರು ತಮ್ಮ ಮಗುವಿನ ಹೊತ್ತಿಗೆ ಬಂದು ಎದ್ದು ಹೋಗುತ್ತಾರೆ, ತಿಲ್ಲಾನದ ಹೊತ್ತಿಗೆ ಅರ್ಧ ಸಭಾಂಗಣ ಖಾಲಿ.

ಹೆಜ್ಜೆ 4: ಜೋಡಿಸಿ, ಪರೀಕ್ಷಿಸಿ

ಮೇಲಿನ ಲೆಕ್ಕಕ್ಕೆ ಹೊಂದುವ ಒಕ್ಕಣೆ ಹೀಗಿರಬಹುದು:

*ಭರತನಾಟ್ಯ ಪ್ರದರ್ಶನ. ಪ್ರವೇಶ ಉಚಿತ, ಟಿಕೆಟ್ ಇಲ್ಲ.*
*ಭಾನುವಾರ, ಜನವರಿ 17, 2027. ಸಂಜೆ 4ಕ್ಕೆ ಆರಂಭ, 6.30ಕ್ಕೆ ಮುಕ್ತಾಯ.*
*(ಸಭಾಂಗಣದ ಹೆಸರು, ಹತ್ತಿರದ ಗುರುತು), ಶಿರಂಗಾಲ.*
*ಬಾಗಿಲು ತೆರೆಯುವುದು 3.30ಕ್ಕೆ. ನರ್ತಿಸುವ ಮಕ್ಕಳ ಮನೆಯವರಿಗೆ ಪಾಸ್ ಮೂಲಕ 3.50ರವರೆಗೆ ಆಸನ ಕಾಯ್ದಿರಿಸಲಾಗಿದೆ. ಉಳಿದ ಆಸನಗಳು ಮೊದಲು ಬಂದವರಿಗೆ. ಹಿರಿಯರಿಗೆ ಮುಂದಿನ ಸಾಲು.*
*ಅಲರಿಪು: (8 ಹೆಸರು). ಜತಿಸ್ವರ: (10 ಹೆಸರು). ಪದ: (5 ಹೆಸರು). ತಿಲ್ಲಾನ: (7 ಹೆಸರು).*
*ನಟುವಾಂಗ, ಗಾಯನ, ಮೃದಂಗ, ಕೊಳಲು: (ಹೆಸರುಗಳು).*
*ವಿಚಾರಣೆಗೆ: (ಒಂದೇ ದೂರವಾಣಿ ಸಂಖ್ಯೆ).*

ಇದರಲ್ಲಿ ಆಮಂತ್ರಣದ ಗಾಂಭೀರ್ಯ ಎಲ್ಲಿದೆ, ಬಸ್ ನಿಲ್ದಾಣದ ವೇಳಾಪಟ್ಟಿಯಂತಿದೆಯಲ್ಲ ಎಂಬ ಆಕ್ಷೇಪ ಬರಬಹುದು. ಗೌರವದ ಮಾತಿಗೆ ಅಚ್ಚಿನ ಆಮಂತ್ರಣ ಪತ್ರಿಕೆ ಇದೆ. ಅದನ್ನು ಮನೆಗೆ ಹೋಗಿ ಕುಂಕುಮವಿಟ್ಟು ಕೊಡುತ್ತೇವೆ, ಕೇಳಿದ್ದಕ್ಕೆ ಬಾಯಲ್ಲೇ ಉತ್ತರಿಸುತ್ತೇವೆ. ಫೋನಿನಿಂದ ಫೋನಿಗೆ ಹೋಗುವ ಒಕ್ಕಣೆಯ ಜತೆ ಉತ್ತರ ಹೇಳುವವರು ಯಾರೂ ಹೋಗುವುದಿಲ್ಲ. ಮುಂದಕ್ಕೆ ಕಳಿಸುವಾಗ ಚಿತ್ರ ಮಾತ್ರ ಹೋಗಿ ಒಕ್ಕಣೆ ಹಿಂದೆ ಉಳಿಯುವುದೂ ಉಂಟು, ಹಾಗಾಗಿ ಮೊದಲ ಮೂರು ಸಾಲುಗಳನ್ನು ಚಿತ್ರದ ಮೇಲೂ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ.

ಹಂಚುವ ಮೊದಲು, ಕಾರ್ಯಕ್ರಮದ ಬಗ್ಗೆ ಏನೂ ಗೊತ್ತಿಲ್ಲದ ಒಬ್ಬರಿಗೆ, ಸಾಧ್ಯವಾದರೆ ಕೊಣನೂರು ಕಡೆಯವರಿಗೇ, ಓದಲು ಕೊಡಿ. ಆಮೇಲೆ ಮೂರೇ ಪ್ರಶ್ನೆ ಕೇಳಿ: ದುಡ್ಡು ಎಷ್ಟು, ಎಲ್ಲಿ ಕೂರುತ್ತೀರಿ, ಎಷ್ಟು ಹೊತ್ತಿಗೆ ಮನೆಗೆ ಹೊರಡಬಹುದು? ಒಂದಕ್ಕಾದರೂ ಅವರು ತಡವರಿಸಿದರೆ ಆ ಸಾಲನ್ನು ತಿದ್ದಿ. ಹಂಚಿದ ಮೇಲೂ ವಿಚಾರಣೆಯ ಸಂಖ್ಯೆಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದ್ದರೆ, ಒಕ್ಕಣೆಯಲ್ಲಿ ಬಿಟ್ಟುಹೋದ ಸಾಲು ಅದೇ. ಅದನ್ನು ಸೇರಿಸಿ ಮತ್ತೊಮ್ಮೆ ಕಳಿಸಿ.