ಸ್ಕ್ಯಾನಿಂಗ್ ನಾರ್ಮಲ್ ಬಂದಿದೆ, ಹುಡುಗನನ್ನು ಆಡಿಸಲೇ?

ಪ್ರಶ್ನೆ: ನಾನು ಮಳವಳ್ಳಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕ. ಮಂಡ್ಯದಲ್ಲಿ ನಡೆದ ಜಿಲ್ಲಾ ಮಟ್ಟದ ಕಬಡ್ಡಿಯಲ್ಲಿ ನಮ್ಮ ಲೆಫ್ಟ್ ಕಾರ್ನರ್ ಹುಡುಗ ರೈಡರ್ ಕಾಲು ಹಿಡಿಯಲು ಹಾರಿದಾಗ ಆ ರೈಡರ್‌ನ ಮಂಡಿ ಇವನ ಎಡಗಿವಿಯ ಮೇಲ್ಭಾಗಕ್ಕೆ ಬಡಿಯಿತು. ಆಗ ಸುಮಾರು ಮೂರು ಗಂಟೆ. ತಲೆ ಹಿಡಿದುಕೊಂಡು ಕೂತ. ಹೊರಗೆ ಕರೆತಂದು ತಲೆಗೆ ನೀರು ಹಾಕಿದೆವು. ಎರಡು ಮೂರು ಸಲ ‘ಸ್ಕೋರ್ ಎಷ್ಟು ಸಾ?’ ಅಂದ. ಐದು ನಿಮಿಷಕ್ಕೆ ‘ಏನೂ ಆಗಿಲ್ಲ ಸಾ, ಆಡ್ತೀನಿ’ ಅಂದಾಗ ಮತ್ತೆ ಇಳಿಸಿದೆ. ಗೆದ್ದೆವು. ಊರಿಗೆ ವಾಪಸ್ ಬರುವಾಗ ಐದು ಕಾಲರ ಹೊತ್ತಿಗೆ ಮದ್ದೂರಿನ ಹತ್ತಿರ ಟೆಂಪೋದಲ್ಲೇ ಎರಡು ಸಲ ವಾಂತಿ ಮಾಡಿದ. ಮದ್ದೂರು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದೆ. ‘ಪ್ರಜ್ಞೆ ತಪ್ಪಿತ್ತಾ, ಎಷ್ಟು ಹೊತ್ತು, ಆಮೇಲೆ ಹೇಗಿದ್ದ’ ಎಂದು ಡಾಕ್ಟರ್ ಕೇಳಿದರೆ ನನ್ನಲ್ಲಿ ಸರಿಯಾದ ಉತ್ತರವಿರಲಿಲ್ಲ. ಅವರು ಚೀಟಿ ಬರೆದು, 108 ಕರೆಸಿ ಮಂಡ್ಯದ ಮಿಮ್ಸ್‌ಗೆ ಕಳಿಸಿದರು. ಸಿ.ಟಿ. ಸ್ಕ್ಯಾನ್ ನಾರ್ಮಲ್. ಒಂದು ರಾತ್ರಿ ನೋಡಿಕೊಂಡು ಮನೆಗೆ ಕಳಿಸಿದರು. ಇದಾಗಿ ಒಂಬತ್ತು ದಿನ. ಮುಂದಿನ ವಾರ ವಿಭಾಗ ಮಟ್ಟದ ಪಂದ್ಯ. ಹುಡುಗ ಮೂರನೇ ಪೀರಿಯಡ್ ಹೊತ್ತಿಗೆ ತಲೆನೋವು ಅನ್ನುತ್ತಾನೆ. ಅವನ ಅಪ್ಪ ‘ಸ್ಕ್ಯಾನಿಂಗ್‌ನಲ್ಲಿ ಏನೂ ಇಲ್ಲ ಅಂದವ್ರಲ್ಲ, ಆಡ್ಲಿ ಬುಡಿ ಸಾ’ ಅನ್ನುತ್ತಾರೆ. ಇದರ ನಡುವೆ ಬಿಇಒ ಕಚೇರಿಗೆ ಕಳಿಸಲು ಹೆಡ್‌ಮಾಸ್ಟರ್ ವರದಿ ಕೇಳಿದ್ದಾರೆ. ಮತ್ತೆ ಇಳಿಸಿದ ವಿಷಯ ಬರೆಯಬೇಡಿ ಎಂದು ಸಹೋದ್ಯೋಗಿಯೊಬ್ಬರ ಸಲಹೆ. ಏನು ಮಾಡಲಿ?

ಉತ್ತರ: ಮೇಷ್ಟ್ರೇ, ತುರ್ತಿನದನ್ನು ಮೊದಲು ಹೇಳಿಬಿಡುತ್ತೇನೆ. ಹುಡುಗ ಮುಂದಿನ ವಾರ ಆಡಬಾರದು. ತಲೆನೋವು ಇರುವಷ್ಟು ದಿನ ಪಂದ್ಯವಿರಲಿ, ಹಿಡಿತದ ಅಭ್ಯಾಸಕ್ಕೂ ಅವನನ್ನು ಇಳಿಸಬೇಡಿ.

ಅವನ ಅಪ್ಪನ ಮಾತು ತಪ್ಪಾದರೂ ಸಹಜವಾದದ್ದೇ. ಸಿ.ಟಿ. ಸ್ಕ್ಯಾನ್ ಹುಡುಕುವುದು ಮುಖ್ಯವಾಗಿ ಎರಡನ್ನು: ತಲೆಬುರುಡೆ ಬಿರುಕು ಬಿಟ್ಟಿದೆಯೇ, ಒಳಗೆ ರಕ್ತ ಸೋರಿದೆಯೇ. ನಿಮ್ಮ ಹುಡುಗನಲ್ಲಿ ಅವೆರಡೂ ಇಲ್ಲ ಎಂಬುದು ದೊಡ್ಡ ಸಮಾಧಾನ. ಆದರೆ ಪೆಟ್ಟಿನ ರಭಸಕ್ಕೆ ಮಿದುಳು ಅಲುಗಾಡಿ ಅದರ ಕೆಲಸ ಏರುಪೇರಾಗುವುದಿದೆಯಲ್ಲ, ಡಾಕ್ಟರುಗಳು ಕನ್‌ಕಷನ್ ಅನ್ನುವ ಆ ಸ್ಥಿತಿ ಸ್ಕ್ಯಾನ್‌ನಲ್ಲಿ ಸಾಮಾನ್ಯವಾಗಿ ಕಾಣುವುದೇ ಇಲ್ಲ. ಅದನ್ನು ಗುರುತಿಸುವುದು ಹುಡುಗ ಹೇಗಿದ್ದಾನೆ, ಏನು ಹೇಳುತ್ತಾನೆ ಎಂಬುದರಿಂದ. ಮೂರನೇ ಪೀರಿಯಡ್‌ಗೆ ತಲೆನೋವು ಬರುತ್ತದೆ ಎಂದರೆ ಎರಡು ಗಂಟೆ ಗಮನ ಕೊಟ್ಟು ಕೂರುವುದನ್ನೂ ಆ ಮಿದುಳು ಇನ್ನೂ ತಾಳಿಕೊಳ್ಳುತ್ತಿಲ್ಲ ಎಂದರ್ಥ. ಈ ಹೊತ್ತಿನಲ್ಲಿ ಇನ್ನೊಂದು ಪೆಟ್ಟು ಬಿದ್ದರೆ ಗುಣವಾಗುವುದು ವಾರಗಟ್ಟಲೆ ಹಿಂದಕ್ಕೆ ಹೋಗುತ್ತದೆ. ತೀರಾ ಅಪರೂಪವಾಗಿ, ಅದೂ ಹೆಚ್ಚಾಗಿ ಹದಿಹರೆಯದವರಲ್ಲಿ, ಮಿದುಳು ಇದ್ದಕ್ಕಿದ್ದಂತೆ ಊದಿಕೊಂಡು ಪ್ರಾಣಕ್ಕೇ ಕುತ್ತು ಬಂದದ್ದೂ ಇದೆ. ಅಪ್ಪನಿಗೆ ಇದನ್ನು ನೀವೊಬ್ಬರೇ ಹೇಳಿ ಒಪ್ಪಿಸಲು ಹೋಗಬೇಡಿ. ಮಿಮ್ಸ್‌ನ ಡಿಸ್ಚಾರ್ಜ್ ಚೀಟಿ ಹಿಡಿದು ಹುಡುಗನ ಜೊತೆ ಅವರನ್ನೂ ಮರುತಪಾಸಣೆಗೆ ಕರೆದೊಯ್ಯಿರಿ. ತರಗತಿಯಲ್ಲಿ ತಲೆನೋವು ಬರುವ ವಿಷಯ ಡಾಕ್ಟರ ಮುಂದೆ ಹುಡುಗನ ಬಾಯಿಂದಲೇ ಬರಲಿ.

ಇನ್ನು ಅಂಕಣದ ಪಕ್ಕದ ಆ ಐದು ನಿಮಿಷದ ವಿಚಾರ. ಬೈಯುವುದಕ್ಕಲ್ಲ, ನಿಮ್ಮ ವರದಿಯ ಜೀವಾಳ ಅಲ್ಲಿರುವುದರಿಂದ ಹೇಳುತ್ತಿದ್ದೇನೆ. ಹುಡುಗ ಸ್ಕೋರ್ ಎಷ್ಟು ಎಂದು ಎರಡು ಮೂರು ಸಲ ಕೇಳಿದ ಅಂತ ನೀವು ಬರೆದಿದ್ದೀರಿ. ಆಟದ ಹುರುಪಿನಲ್ಲಿ ಕೇಳಿದ ಅಂದುಕೊಂಡಿರಬೇಕು. ಹೇಳಿದ ಉತ್ತರ ತಲೆಯಲ್ಲಿ ನಿಲ್ಲದೆ ಮತ್ತೆ ಅದನ್ನೇ ಕೇಳುವುದು ಕನ್‌ಕಷನ್‌ನ ಸ್ಪಷ್ಟ ಗುರುತು. ನಾವೆಲ್ಲ ಸಾಮಾನ್ಯವಾಗಿ ಬಿದ್ದವನನ್ನು ‘ನಿನ್ನ ಹೆಸರೇನಪ್ಪ, ಇದು ಎಷ್ಟು ಬೆರಳು’ ಎಂದು ಕೇಳಿ ತೃಪ್ತರಾಗುತ್ತೇವೆ. ಪೆಟ್ಟು ಬಿದ್ದ ಮಿದುಳಿಗೂ ಹೆಸರು ಮರೆಯುವುದಿಲ್ಲ, ಜಾರಿಹೋಗುವುದು ಈಚಿನ ನೆನಪು. ಮ್ಯಾಡಕ್ಸ್ ಎಂಬ ಆಸ್ಟ್ರೇಲಿಯಾದ ಸಂಶೋಧಕರು ಅಲ್ಲಿನ ಫುಟ್‌ಬಾಲ್ ಆಟಗಾರರನ್ನು ಪರೀಕ್ಷಿಸಿ 1995ರಲ್ಲಿ ಇದನ್ನು ತೋರಿಸಿಕೊಟ್ಟರು. ಅವರು ಕೇಳಿದಂಥ ಪ್ರಶ್ನೆಗಳನ್ನು ಕಬಡ್ಡಿಗೆ ಒಗ್ಗಿಸಿಕೊಳ್ಳಬಹುದು: ಈಗ ಯಾವ ಊರಲ್ಲಿ ಆಡ್ತಿದ್ದೀವಿ? ಇದು ಮೊದಲನೇ ಹಾಫೋ ಎರಡನೆಯದೋ? ಕೊನೇ ಪಾಯಿಂಟ್ ಯಾರು ತಗೊಂಡರು? ಇದಕ್ಕೆ ಮುಂಚೆ ಯಾವ ತಂಡದ ಮೇಲೆ ಆಡಿದ್ವಿ, ಗೆದ್ವಾ? ಒಂದಕ್ಕೆ ತಡವರಿಸಿದರೂ ಅವತ್ತಿಗೆ ಅವನ ಆಟ ಮುಗಿಯಿತು. ಎಲ್ಲಕ್ಕೂ ಸರಿಯಾಗಿ ಉತ್ತರಿಸಿದರೂ ತಲೆನೋವು, ತಲೆಸುತ್ತು, ಮಂಪರು, ತೂರಾಡುವುದು ಇದ್ದರೆ ಆಗಲೂ ಅಷ್ಟೇ. ಅನುಮಾನ ಬಂದರೆ ಅದೇ ದಿನ ಮತ್ತೆ ಇಳಿಸುವಂತಿಲ್ಲ. ಏಳು ಜನ ಅಂಕಣದಲ್ಲಿದ್ದರೆ ಐದು ಜನ ಬೆಂಚಿನಲ್ಲಿ ಕೂತಿರುವುದು ಇಂಥದ್ದಕ್ಕೇ.

‘ಏನೂ ಆಗಿಲ್ಲ ಸಾ’ ಎಂಬ ಮಾತಿಗೆ ಬೆಲೆಯಿಲ್ಲ ಎನ್ನಲು ದೊಡ್ಡವರ ಆಟದಲ್ಲೇ ಉದಾಹರಣೆಯಿದೆ. 2020ರ ಡಿಸೆಂಬರ್ 4ರಂದು ಕ್ಯಾನ್‌ಬೆರಾದ ಟಿ20ಯಲ್ಲಿ ಸ್ಟಾರ್ಕ್ ಎಸೆತ ರವೀಂದ್ರ ಜಡೇಜ ಅವರ ಹೆಲ್ಮೆಟ್‌ಗೆ ಬಡಿದಿತ್ತು. ಅವರು ಆಟ ಮುಂದುವರಿಸಿ ಇನ್ನಿಂಗ್ಸ್ ಮುಗಿಸಿದರು. ಕನ್‌ಕಷನ್ ಎಂದು ತೀರ್ಮಾನವಾದದ್ದು ವಿರಾಮದ ವೇಳೆ ಪರೀಕ್ಷಿಸಿದ ಮೇಲೆ. ಬದಲಿಗೆ ಬಂದ ಚಾಹಲ್ ಮೂರು ವಿಕೆಟ್ ಕಿತ್ತರು, ನೀವೂ ನೋಡಿರಬಹುದು. ಪೆಟ್ಟು ಬಿದ್ದ ಕೂಡಲೇ ಫಿಸಿಯೊ ಮೈದಾನಕ್ಕೆ ಬರಲಿಲ್ಲವೇಕೆ ಎಂದು ಆಗ ಟೀಕೆಯೂ ಬಂತು. ಲಕ್ಷಣಗಳು ತಡವಾಗಿ, ಕೆಲವೊಮ್ಮೆ ಮರುದಿನ ಕಾಣಿಸಿಕೊಳ್ಳುವುದುಂಟು.

ನೀವು ಒಂದು ಕೆಲಸ ಬಹಳ ಸರಿಯಾಗಿ ಮಾಡಿದ್ದೀರಿ. ವಾಂತಿಯನ್ನು ಬಿಸಿಲಿನ ಮೇಲೋ ಬೋಂಡದ ಮೇಲೋ ಹಾಕಿ ಮಳವಳ್ಳಿವರೆಗೆ ಹೋಗಿಬಿಡಲಿಲ್ಲ, ಹತ್ತಿರದ ಆಸ್ಪತ್ರೆಗೆ ತಿರುಗಿಸಿದಿರಿ. ಕಿವಿಯ ಮೇಲ್ಭಾಗದಲ್ಲಿ ತಲೆಬುರುಡೆ ತೆಳು. ಅದರ ಒಳಮೈಗೆ ಅಂಟಿಕೊಂಡಂತೆ ಒಂದು ರಕ್ತನಾಳ ಹಾದುಹೋಗುತ್ತದೆ. ಅಲ್ಲಿ ಪೆಟ್ಟು ಬಿದ್ದು ನಾಳ ಹರಿದರೆ ಮೊದಲೊಂದೆರಡು ಗಂಟೆ ಹುಡುಗ ಚೆನ್ನಾಗಿಯೇ ಮಾತಾಡಿಕೊಂಡಿರಬಹುದು. ರಕ್ತ ಕೂಡುತ್ತಾ ಮಿದುಳನ್ನು ಒತ್ತತೊಡಗಿದ ಮೇಲೆ ವಾಂತಿ, ಹೆಚ್ಚುತ್ತಾ ಹೋಗುವ ತಲೆನೋವು, ಮಂಪರು ಶುರುವಾಗುತ್ತದೆ. ಮಂಡಿ ಬಡಿದ ಜಾಗ ಮತ್ತು ಎರಡು ಗಂಟೆಯ ನಂತರದ ವಾಂತಿ, ಇವೆರಡನ್ನು ಸೇರಿಸಿ ನೋಡಿದ ಡಾಕ್ಟರ್ ಸ್ಕ್ಯಾನ್ ಇರುವ ಕಡೆಗೆ ಕಳಿಸದೆ ಇರುವುದು ಹೇಗೆ? ಮಂಡ್ಯಕ್ಕೇ ವಾಪಸ್ ಹೋಗಬೇಕಾಯಿತಲ್ಲ ಎಂದು ಪೇಚಾಡಬೇಡಿ. ಫಿಟ್ಸ್, ಎರಡೆರಡಾಗಿ ಕಾಣುವುದು, ಕೈಕಾಲು ಜೋಮು ಅಥವಾ ಸೋಲುವುದು, ಕತ್ತು ನೋವು ಇವಿದ್ದರೂ 108ಕ್ಕೇ ಕರೆ ಮಾಡಬೇಕು. ಕತ್ತು ನೋವೆಂದರೆ ಅಥವಾ ಪ್ರಜ್ಞೆ ಇಲ್ಲದಿದ್ದರೆ ನಾಲ್ಕು ಹುಡುಗರು ಸೇರಿ ಕಂಕುಳಿಗೆ ಕೈ ಹಾಕಿ ಎತ್ತುವ ನಮ್ಮ ಅಭ್ಯಾಸ ಬೇಡ. ಉಸಿರಾಟ ನೋಡಿಕೊಂಡು, ತಲೆ ಕತ್ತು ಅಲುಗದಂತೆ ಹಿಡಿದು ಅಲ್ಲೇ ಕಾಯಬೇಕು.

ಈಗ ವರದಿ. ಇದು ಬಿಇಒ ಕಚೇರಿಯ ಕಡತಕ್ಕೆ ಮಾತ್ರ ಎಂದು ನೀವೂ ನಿಮ್ಮ ಸಹೋದ್ಯೋಗಿಯೂ ತಿಳಿದಂತಿದೆ. ಅದನ್ನು ಮೊದಲು ಓದಬೇಕಾದವರು ಡಾಕ್ಟರ್. ಆಟ ನೋಡದ ಅವರಿಗೆ ನಿಮ್ಮ ಕಣ್ಣೇ ಸಾಕ್ಷಿ. ಮದ್ದೂರಿನಲ್ಲಿ ಕೇಳಿದ ಪ್ರಶ್ನೆಗಳಿಗೆ ಉತ್ತರ ಇದ್ದದ್ದು ನಿಮ್ಮ ಬಳಿಯೇ, ಹೊಂದಿಸಿಕೊಂಡಿರಲಿಲ್ಲ ಅಷ್ಟೆ. ನೀವು ಕೊಟ್ಟ ವಿವರಗಳಿಂದ ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

“ಸುಮಾರು 3 ಗಂಟೆ. ಲೆಫ್ಟ್ ಕಾರ್ನರ್‌ನಲ್ಲಿದ್ದ ವಿದ್ಯಾರ್ಥಿ ರೈಡರ್‌ನ ಕಾಲು ಹಿಡಿಯಲು ಹಾರಿದಾಗ ರೈಡರ್‌ನ ಮಂಡಿ ಎಡಗಿವಿಯ ಮೇಲ್ಭಾಗಕ್ಕೆ ತಗುಲಿತು. ತಲೆ ಹಿಡಿದು ಕುಳಿತ. ಪ್ರಜ್ಞೆ ತಪ್ಪಿದ್ದು ನಾನು ನೋಡಿಲ್ಲ. ಹೊರಗೆ ಕರೆತಂದು ತಲೆಗೆ ನೀರು ಹಾಕಲಾಯಿತು. ಸ್ಕೋರ್ ಎಷ್ಟೆಂದು ಎರಡು ಮೂರು ಸಲ ಕೇಳಿದ. ಸುಮಾರು 5 ನಿಮಿಷದ ನಂತರ ಅವನು ಆಡುತ್ತೇನೆ ಎಂದದ್ದರಿಂದ ನಾನು ಮತ್ತೆ ಆಡಿಸಿದೆ. ಸುಮಾರು 5:15ಕ್ಕೆ ಮದ್ದೂರಿನ ಬಳಿ ಎರಡು ಬಾರಿ ವಾಂತಿ. ಮದ್ದೂರು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದು, ಅಲ್ಲಿಂದ 108ರಲ್ಲಿ ಮಿಮ್ಸ್‌ಗೆ.”

ಎರಡನೇ ಸಲ ಇಳಿದ ಮೇಲೆ ತಲೆಗೆ ಮತ್ತೇನಾದರೂ ತಗುಲಿತೇ ಎಂಬುದನ್ನು ಜೊತೆಯ ಆಟಗಾರರನ್ನು ಕೇಳಿ ಸೇರಿಸಿ. ಕೇಳಿ ತಿಳಿದದ್ದನ್ನು ಕೇಳಿ ತಿಳಿದದ್ದು ಎಂದೇ ಬರೆಯಿರಿ. ನೋವಿನ ಮಾತ್ರೆ ಕೊಟ್ಟಿದ್ದರೆ ಹೆಸರು, ಹೊತ್ತು ಹಾಕಿ. ಆಸ್ಪಿರಿನ್, ಐಬುಪ್ರೊಫೇನ್‌ನಂಥವು ರಕ್ತಸ್ರಾವ ಹೆಚ್ಚಿಸಬಲ್ಲವು, ಹಾಗಾಗಿ ಡಾಕ್ಟರಿಗೆ ಅದು ಗೊತ್ತಿರಲೇಬೇಕು. ‘ಸಣ್ಣ ಪೆಟ್ಟು’ ಎಂದೋ ‘ಎದುರಾಳಿ ಬೇಕೆಂದೇ ಒದ್ದ’ ಎಂದೋ ಬರೆಯಬೇಡಿ. ಮೊದಲನೆಯದನ್ನು ಹೇಳಬೇಕಾದವರು ಡಾಕ್ಟರ್, ಎರಡನೆಯದು ನಿಮ್ಮ ಊಹೆ.

ಮತ್ತೆ ಇಳಿಸಿದ ಸಾಲು ಇರಲೇಬೇಕು. ಪೆಟ್ಟಾದ ಮಿದುಳು ಎಷ್ಟು ಹೊತ್ತು ದಣಿದಿತು, ಇನ್ನೊಂದು ಪೆಟ್ಟು ಬಿದ್ದಿರುವ ಸಾಧ್ಯತೆ ಇದೆಯೇ ಎಂಬುದು ಚಿಕಿತ್ಸೆಗೆ ಬೇಕಾದ ವಿವರ. ಅದನ್ನು ಬಿಟ್ಟರೆ ವರದಿಯಿಂದ ಡಾಕ್ಟರಿಗೆ ಉಪಯೋಗ ಅರ್ಧವಾಗುತ್ತದೆ. ಕಂಡ ಹುಡುಗರು ಹನ್ನೊಂದು ಜನ ಇದ್ದಾರೆ, ಒಂದು ದಿನ ಹೊರಬಿದ್ದರೆ ನೀವು ಬರೆದ ಉಳಿದ ನಿಜವನ್ನೂ ಯಾರೂ ನಂಬುವುದಿಲ್ಲ. ಸಹೋದ್ಯೋಗಿ ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು, ಆದರೆ ಸಹಿ ನಿಮ್ಮದು. ಒಂದು ಪ್ರತಿ ಹೆಡ್‌ಮಾಸ್ಟರಿಗೆ, ಒಂದು ಹುಡುಗನ ಅಪ್ಪನಿಗೆ ಕೊಡಿ, ಒಂದು ಮರುತಪಾಸಣೆಯ ಡಾಕ್ಟರಿಗೆ ಹೋಗಲಿ. ಮುಂದೆ ಏನಾದರೂ ನೆನಪಾದರೆ ಇದನ್ನು ತಿದ್ದಬೇಡಿ, ಅಂದಿನ ದಿನಾಂಕ ಹಾಕಿ ಇನ್ನೊಂದು ಹಾಳೆ ಸೇರಿಸಿ.

ಆಟಕ್ಕೆ ವಾಪಸ್ ಬರುವ ದಾರಿ ಮೆಟ್ಟಿಲು ಮೆಟ್ಟಿಲಾಗಿ. ಮೊದಲು ಇಡೀ ದಿನ ತರಗತಿಯಲ್ಲಿ ತಲೆನೋವಿಲ್ಲದೆ ಕೂರಬೇಕು. ಅಲ್ಲಿಯವರೆಗೆ ನಡಿಗೆಯಂಥ ಹಗುರ ಚಟುವಟಿಕೆ ಇರಲಿ, ಮಧ್ಯೆ ಅರ್ಧ ಗಂಟೆ ಹೊರಗೆ ಕೂತು ಬರಲು ಕ್ಲಾಸ್ ಟೀಚರ್ ಬಿಡಲಿ. ಆಮೇಲೆ ಹಗುರ ಓಟ, ಒಬ್ಬನೇ ಪಾದಚಲನೆಯ ಅಭ್ಯಾಸ, ನಂತರ ತಂಡದ ಜೊತೆ ಆದರೆ ಯಾರನ್ನೂ ಹಿಡಿಯದೆ. ಒಂದೊಂದಕ್ಕೂ ಕನಿಷ್ಠ ಒಂದು ದಿನ ಕೊಟ್ಟು, ಲಕ್ಷಣ ಮರುಕಳಿಸಿದರೆ ಒಂದು ಮೆಟ್ಟಿಲು ಕೆಳಗಿಳಿಯಿರಿ. ಹಿಡಿತಕ್ಕೆ ಮತ್ತು ಪಂದ್ಯಕ್ಕೆ ಡಾಕ್ಟರ ಲಿಖಿತ ಒಪ್ಪಿಗೆ ಬೇಕು. ಹಳ್ಳಿ, ಶಾಲೆ, ಕ್ಲಬ್ ಮಟ್ಟದ ಆಟಗಳಿಗೆಂದು ಬ್ರಿಟನ್ 2023ರಲ್ಲಿ ತಂದ ಮಾರ್ಗಸೂಚಿ, ಪಂದ್ಯಕ್ಕೆ ಮರಳಲು ಪೆಟ್ಟು ಬಿದ್ದ ದಿನದಿಂದ ಕನಿಷ್ಠ 21 ದಿನ ಎನ್ನುತ್ತದೆ. ಆ ಲೆಕ್ಕದಲ್ಲೂ ನಿಮ್ಮ ವಿಭಾಗ ಮಟ್ಟದ ಪಂದ್ಯ ಹೊರಗೇ ಉಳಿಯುತ್ತದೆ. ಲೆಫ್ಟ್ ಕಾರ್ನರ್‌ಗೆ ಇವತ್ತೇ ಇನ್ನೊಬ್ಬನನ್ನು ತಯಾರು ಮಾಡಿ. ತಲೆನೋವು ನಾಲ್ಕು ವಾರ ದಾಟಿದರೂ ನಿಲ್ಲದಿದ್ದರೆ ಮತ್ತೆ ಮಿಮ್ಸ್‌ಗೆ ಹೋಗಿ. ಜೋರಾಗುತ್ತಾ ಹೋದರೆ ಅಥವಾ ಮತ್ತೆ ವಾಂತಿಯಾದರೆ ಅಷ್ಟು ದಿನವೂ ಕಾಯಬೇಡಿ, ಅದೇ ದಿನ ಹೊರಡಿ.