ರಿವ್ಯೂಗೆ ಬಂದ ಪೇಪರನ್ನು ಚಾಟ್‌ಬಾಟ್‌ಗೆ ಹಾಕಿಬಿಟ್ಟೆ, ಈಗೇನು ಮಾಡಲಿ?

ಪ್ರಶ್ನೆ: ನನ್ನ ಊರು ಬನಹಟ್ಟಿ. ಜಮಖಂಡಿಯ ಒಂದು ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಹೋದ ತಿಂಗಳು ಒಂದು ಇಂಗ್ಲಿಷ್ ಸಂಶೋಧನಾ ಪತ್ರಿಕೆಯಿಂದ ರಿವ್ಯೂ ಮಾಡಿಕೊಡಿ ಎಂದು ಮೇಲ್ ಬಂತು. ಮೊದಲ ಸಲ ಕರೆದರಲ್ಲ ಎಂಬ ಖುಷಿಯಲ್ಲಿ ಒಪ್ಪಿಕೊಂಡೆ. ಪೇಪರ್ ನಮ್ಮ ಭಾಗದ್ದೇ: ಪವರ್‌ಲೂಮ್ ಮಜೂರಿ, ಕಂಡಿಕೆ ಸುತ್ತುವ ಹೆಣ್ಣುಮಕ್ಕಳ ಗಳಿಕೆ. 28 ಪುಟ. ಪರೀಕ್ಷೆ ಕೆಲಸದ ಗದ್ದಲದಲ್ಲಿ ಕೊನೆಯ ದಿನ ಬಂದೇಬಿಟ್ಟಿತು. ರಾತ್ರಿ ಹನ್ನೊಂದಕ್ಕೆ ಇಡೀ ಪೇಪರನ್ನು ಒಂದು ಉಚಿತ ಚಾಟ್‌ಬಾಟ್‌ಗೆ ಪೇಸ್ಟ್ ಮಾಡಿ ರಿವ್ಯೂ ಬರೆಸಿದೆ. ಎರಡು ಸಾಲು ತಿದ್ದಿ ಕಳಿಸಿದೆ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ ಎಂಬುದೂ ಒಂದು ಕಾರಣ.

ವಾರದ ಮೇಲೆ ಪೇಪರನ್ನು ಸಾವಕಾಶವಾಗಿ ಓದಿದಾಗ ಎದೆ ಧಸಕ್ಕೆಂದಿತು. ಮಗ್ಗ ಎಷ್ಟು ಹಳೆಯದೆಂಬುದನ್ನು ಲೇಖಕರು ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಎಂದು ನನ್ನ ವರದಿಯಲ್ಲಿತ್ತು. ಆದರೆ ನಾಲ್ಕನೇ ಕೋಷ್ಟಕ ಇರುವುದೇ ಅದರ ಮೇಲೆ. ಓದಬೇಕೆಂದು ಸೂಚಿಸಿದ್ದ ಒಂದು ಲೇಖನ ಎಷ್ಟು ಹುಡುಕಿದರೂ ಸಿಗಲಿಲ್ಲ. ಇನ್ನೊಂದು ಪುಟದಲ್ಲಿ ಒಬ್ಬ ಹೆಣ್ಣುಮಗಳ ಮಾತಿದೆ. ಹೆಸರಿಲ್ಲ, ಆದರೆ ಓಣಿ, ಮನೆಯಲ್ಲಿರುವ ಮಗ್ಗಗಳ ಸಂಖ್ಯೆ, ಸಾಲ ಕೊಟ್ಟ ಮಾಲಕರ ವಿಷಯ ಎಲ್ಲ ಇದೆ. ನಮ್ಮೂರಿನವರಿಗೆ ಯಾರೆಂದು ತಿಳಿಯುವುದು ಕಷ್ಟವಲ್ಲ. ಎಲ್ಲರೂ ಹೀಗೇ ಮಾಡುತ್ತಾರೆ ಎಂದು ಗೆಳೆಯರು ಸಮಾಧಾನ ಹೇಳುತ್ತಾರೆ. ನನಗೆ ನಿದ್ದೆ ಬರುತ್ತಿಲ್ಲ. ಸುಮ್ಮನಿರಲೇ, ಹೇಳಲೇ?
— ಹೆಸರು ಬೇಡ, ಜಮಖಂಡಿ

ಉತ್ತರ: ಹೇಳಿ, ಈ ವಾರವೇ ಹೇಳಿ. ಯಾರಿಗೆ, ಹೇಗೆ ಎಂಬುದನ್ನು ಮುಂದೆ ಬರೆದಿದ್ದೇನೆ. ಅದಕ್ಕೂ ಮೊದಲು ಆಗಿದ್ದೇನು ಎಂಬುದನ್ನು ಬಿಡಿಸಿ ನೋಡೋಣ. ನಿಮ್ಮ ಪತ್ರದಲ್ಲಿ ಎರಡು ತಪ್ಪು ಒಂದಕ್ಕೊಂದು ಹೆಣೆದುಕೊಂಡಿವೆ. ನಿಮ್ಮನ್ನು ಕಾಡುತ್ತಿರುವುದು ಮೊದಲನೆಯದು, ಲೇಖಕರಿಗೆ ಹೆಚ್ಚು ಹೊಡೆತ ಕೊಡುವುದು ಎರಡನೆಯದು.

ಮೊದಲನೆಯದು, ಪೇಪರ್ ಹೊರಗೆ ಹೋದದ್ದು. ನೀವು ಪೇಸ್ಟ್ ಮಾಡಿದ 28 ಪುಟ ನಿಮ್ಮ ಕಂಪ್ಯೂಟರಿನಲ್ಲಿ ಉಳಿಯಲಿಲ್ಲ, ಕಂಪನಿಯ ಸರ್ವರಿಗೆ ಹೋಗಿ ಕೂತಿತು. ಉಚಿತ ಖಾತೆಯಲ್ಲಿ ಸೆಟ್ಟಿಂಗ್ ಬದಲಿಸದಿದ್ದರೆ ಆ ಮಾತುಕತೆಯನ್ನು ಮುಂದಿನ ಮಾಡೆಲ್‌ಗಳ ತರಬೇತಿಗೆ ಬಳಸಿಕೊಳ್ಳಲು ಸಾಮಾನ್ಯವಾಗಿ ಅವಕಾಶವಿರುತ್ತದೆ. ಕೆಲವು ಕಂಪನಿಗಳಲ್ಲಿ ಆಯ್ದ ಮಾತುಕತೆಗಳನ್ನು ಮನುಷ್ಯರೂ ಓದುತ್ತಾರೆ. ಗೂಗಲ್‌ನ ಜೆಮಿನಿಯಲ್ಲಿ ಹಾಗೆ ಓದಿಸಿದ್ದನ್ನು, ನೀವು ಅಳಿಸಿದರೂ, 3 ವರ್ಷದವರೆಗೆ ಇಟ್ಟುಕೊಳ್ಳಬಹುದೆಂದು ಅವರ ನಿಯಮವೇ ಹೇಳುತ್ತದೆ. ಚಾಟ್‌ಜಿಪಿಟಿಯಲ್ಲಿ ಅಳಿಸಿದ ಮಾತುಕತೆ ಸಾಮಾನ್ಯವಾಗಿ 30 ದಿನದೊಳಗೆ ಹೋಗಬೇಕು. ಆದರೆ 2025ರ ಮೇ ತಿಂಗಳಲ್ಲಿ, ನ್ಯೂಯಾರ್ಕ್ ಟೈಮ್ಸ್ ಹೂಡಿದ್ದ ದಾವೆಯಲ್ಲಿ, ಅಳಿಸಿದ್ದನ್ನೂ ಕಾದಿಡಬೇಕೆಂದು ಅಮೆರಿಕದ ನ್ಯಾಯಾಲಯ ಆ ಕಂಪನಿಗೆ ಆದೇಶಿಸಿತ್ತು. ಆ ಆದೇಶ ಸಪ್ಟೆಂಬರ್‌ವರೆಗೆ ನಡೆಯಿತು. ಅಳಿಸಿದೆ ಎಂದ ಮಾತ್ರಕ್ಕೆ ಅಳಿಯಿತು ಎಂದು ನಂಬುವ ಹಾಗಿಲ್ಲ.

ಹಾಗೆಂದು ಆ ಹೆಣ್ಣುಮಗಳ ಮಾತು ನಾಳೆ ಇನ್ನಾರದೋ ಪರದೆಯ ಮೇಲೆ ಇದ್ದಕ್ಕಿದ್ದ ಹಾಗೆ ಬಂದುಬಿಡುತ್ತದೆ ಎಂದು ಹೆದರಬೇಡಿ, ಹಾಗಾಗುವ ಸಂಭವ ಕಡಿಮೆ. ಮಾತುಕತೆಯ ಶೇರ್ ಲಿಂಕ್ ಮಾಡಿದ್ದರೆ ಮಾತ್ರ ಅಪಾಯ ಹತ್ತಿರದ್ದು: 2025ರಲ್ಲಿ ಜನ ಹಂಚಿಕೊಂಡಿದ್ದ ಚಾಟ್‌ಜಿಪಿಟಿ ಮಾತುಕತೆಗಳು ಗೂಗಲ್ ಹುಡುಕಾಟದಲ್ಲಿ ಸಿಗತೊಡಗಿ, ಹುಡುಕಾಟಕ್ಕೆ ಸಿಗುವಂತೆ ಮಾಡುವ ಆಯ್ಕೆಯನ್ನೇ ಕಂಪನಿ ತೆಗೆಯಬೇಕಾಯಿತು. ಆದರೆ ಪೇಪರ್ ಸೋರಿದರೆ ಮಾತ್ರ ತಪ್ಪು, ಇಲ್ಲದಿದ್ದರೆ ಇಲ್ಲ ಎಂದಲ್ಲ. ಹೊಸ ಸೀರೆಯ ಅಂಚಿನ ಡಿಸೈನ್ ಪೇಟೆಗೆ ಬರುವ ಮೊದಲು ನಿಮ್ಮ ಕೈಗೆ ಬಂದಾಗ, ಅದನ್ನು ಇನ್ನೊಬ್ಬರ ಮಗ್ಗದ ಮನೆಯಲ್ಲಿ ಇಟ್ಟು ಬಂದರೆ, ಅವರು ನಕಲು ಮಾಡಲಿ ಬಿಡಲಿ, ಕೊಟ್ಟ ಮಾತು ಅಲ್ಲಿಗೇ ಮುರಿಯಿತು. ಇಲ್ಲಿ ಮುರಿದದ್ದು ಎರಡು ಮಾತು. ಗುಟ್ಟಾಗಿಡುತ್ತೇನೆಂದು ನೀವು ಪತ್ರಿಕೆಗೆ ಕೊಟ್ಟದ್ದು ಒಂದು. ಗುರುತು ಬಿಟ್ಟುಕೊಡುವುದಿಲ್ಲವೆಂದು ಲೇಖಕರು ಕಂಡಿಕೆ ಸುತ್ತುವವರ ಮನೆಯಲ್ಲಿ ಕೂತು ಕೊಟ್ಟದ್ದು ಇನ್ನೊಂದು.

ಎರಡನೆಯ ತಪ್ಪು ವರದಿಯದು. ನಾಲ್ಕನೇ ಕೋಷ್ಟಕ ಚಾಟ್‌ಬಾಟ್‌ಗೆ ಕಾಣದೇ ಹೋದದ್ದಕ್ಕೆ ತೀರ ಸಾದಾ ಕಾರಣವಿರಬಹುದು. ಪಿಡಿಎಫ್‌ನಿಂದ ನಕಲು ಮಾಡಿದಾಗ ಕೋಷ್ಟಕದ ಅಡ್ಡ-ಉದ್ದ ಸಾಲುಗಳು ಕಲಸಿಹೋಗುತ್ತವೆ. ಯಾವ ಅಂಕಿ ಯಾವ ತಲೆಬರಹದ್ದೆಂದು ಗೊತ್ತಾಗದ ಅಂಕಿಗಳ ರಾಶಿಯಷ್ಟೇ ಉಳಿಯುತ್ತದೆ. ಆ ಪೇಸ್ಟ್ ಇನ್ನೂ ಇದ್ದರೆ ತೆಗೆದು ನೋಡಿ, ತಿಳಿಯುತ್ತದೆ. ಅದರ ಮೇಲೆ ಚಾಟ್‌ಬಾಟ್ ಎಷ್ಟೋ ಸಲ ರಿವ್ಯೂಗಳಲ್ಲಿ ಏನಿರುತ್ತದೋ ಅದನ್ನೇ ಬರೆಯುತ್ತದೆ: ಮಾದರಿಯ ಗಾತ್ರ ಸಮರ್ಥಿಸಿ, ಮಿತಿಗಳನ್ನು ಚರ್ಚಿಸಿ, ಇತ್ತೀಚಿನ ಅಧ್ಯಯನ ಉಲ್ಲೇಖಿಸಿ. ಇಂಥ ಮಾತು ಮುಧೋಳದ ನಾಯಿ ತಳಿಯ ಪೇಪರಿಗೂ ಸರಿ, ಬೀಳಗಿಯ ಹಿನ್ನೀರಿನ ಪೇಪರಿಗೂ ಸರಿ. ನಿಜವಾದ ಲೇಖನದ ಹೆಸರು ನೆನಪಾಗದಿದ್ದರೆ ನಿಜದಂತೆ ಕಾಣುವ ಒಂದನ್ನು ಕಟ್ಟುತ್ತದೆ. ನಿಮಗೆ ಹುಡುಕಿದರೂ ಸಿಗದ ಲೇಖನ ಬಹುಶಃ ಅಂಥದ್ದೇ. ವರದಿಯ ಒಂದೊಂದು ಆಕ್ಷೇಪದ ಮುಂದೆಯೂ ಪುಟಸಂಖ್ಯೆ ಬರೆಯಲು ಬರುತ್ತದೆಯೇ ನೋಡಿ. ಬರದಿದ್ದರೆ ಅದು ಓದಿ ಬರೆದದ್ದಲ್ಲ. ಲೇಖಕರಿಗೆ ಮಾತ್ರ ಅದು ನಿಮ್ಮ ತೀರ್ಪು. ಇರುವ ಕೋಷ್ಟಕವನ್ನು ಇಲ್ಲವೆಂದ ಆ ತೀರ್ಪಿನಿಂದ ಪೇಪರ್ ತಿರಸ್ಕೃತವಾದರೆ ಅವರ ಬಡ್ತಿಯೋ ಪಿಎಚ್.ಡಿ.ಯೋ ಮುಂದಕ್ಕೆ ಹೋಗುತ್ತದೆ.

ಇನ್ನೊಂದು ಅಪಾಯ ನಿಮ್ಮ ಪೇಪರಿಗೆ ತಗುಲಿರಲಿಕ್ಕಿಲ್ಲ, ಆದರೆ ತಿಳಿದಿರಲಿ. 2025ರ ಜುಲೈನಲ್ಲಿ ಜಪಾನಿನ ನಿಕ್ಕೇ ಪತ್ರಿಕೆ 8 ದೇಶಗಳ 14 ಸಂಸ್ಥೆಗಳ 17 ಪೇಪರುಗಳಲ್ಲಿ ಮುಚ್ಚಿಟ್ಟ ಸಾಲುಗಳನ್ನು ಪತ್ತೆಮಾಡಿತು. ಬಿಳಿ ಹಾಳೆಯ ಮೇಲೆ ಬಿಳಿ ಅಕ್ಷರದಲ್ಲಿ, ಇಲ್ಲವೇ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ, ಒಳ್ಳೆಯದನ್ನಷ್ಟೇ ಬರೆ ಎಂದು ಯಂತ್ರಕ್ಕೆ ಅಪ್ಪಣೆ. ಓದುವ ಮನುಷ್ಯನಿಗೆ ಕಾಣದ್ದು ಪೇಸ್ಟ್ ಮಾಡಿದವರ ಚಾಟ್‌ಬಾಟ್‌ಗೆ ಕಾಣುತ್ತದೆ. ಪಿಡಿಎಫ್‌ನಲ್ಲಿ Ctrl+A, Ctrl+C ಒತ್ತಿ ನೋಟ್‌ಪ್ಯಾಡ್‌ಗೆ ಹಾಕಿದರೆ ಅಂಥ ಸಾಲು ಹೊರಗೆ ಬೀಳುತ್ತದೆ. ನೋಟ್‌ಪ್ಯಾಡ್ ನಿಮ್ಮ ಯಂತ್ರದಲ್ಲೇ ಇರುವುದರಿಂದ ಹೀಗೆ ನೋಡುವುದರಲ್ಲಿ ತಪ್ಪಿಲ್ಲ.

ಎಲ್ಲರೂ ಮಾಡುತ್ತಾರೆ ಎನ್ನುವ ಗೆಳೆಯರ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಕೃತಕ ಬುದ್ಧಿಮತ್ತೆಯ ದೊಡ್ಡ ಸಮ್ಮೇಳನಗಳ ರಿವ್ಯೂಗಳನ್ನು 2024ರಲ್ಲಿ ಪರೀಕ್ಷಿಸಿದ ಒಂದು ಅಧ್ಯಯನ, ಅವುಗಳ ಪಠ್ಯದಲ್ಲಿ ಶೇ. 6.5ರಿಂದ 16.9ರಷ್ಟು ಯಂತ್ರದ ಕೈವಾಡದ್ದಿರಬಹುದು ಎಂದು ಅಂದಾಜಿಸಿತು. ಗಡುವು ಹತ್ತಿರವಿದ್ದಾಗ ಬಂದ ವರದಿಗಳಲ್ಲಿ ಅದು ಹೆಚ್ಚು. ನಿಮ್ಮ ರಾತ್ರಿ ಹನ್ನೊಂದು ಗಂಟೆಯ ಕಥೆ ಹಲವರದೂ ಹೌದು. ಆದರೆ ನಿಯಮ ಸಡಿಲವಿಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 2023ರ ಜೂನ್‌ನಲ್ಲೇ ತನ್ನ ಅನುದಾನದ ಅರ್ಜಿ ಪರಿಶೀಲಿಸುವವರು ಇಂಥ ಸಾಧನ ಬಳಸಬಾರದೆಂದಿತು. ಆಸ್ಟ್ರೇಲಿಯಾದಲ್ಲಿ ಅರ್ಜಿದಾರರ ಕೈಗೆ ಬಂದ ವರದಿಯಲ್ಲಿ ಚಾಟ್‌ಜಿಪಿಟಿಯ "Regenerate response" ಎಂಬ ಬಟನ್ನಿನ ಅಕ್ಷರಗಳೂ ಹಾಗೇ ಉಳಿದಿದ್ದವು. ಆ ಗಲಾಟೆಯ ಬೆನ್ನಲ್ಲೇ, ಅದೇ ವರ್ಷದ ಜುಲೈನಲ್ಲಿ, ಅಲ್ಲಿನ ಸಂಶೋಧನಾ ಮಂಡಳಿಯೂ ನಿಷೇಧ ಹಾಕಿತು. ಎಲ್ಸೆವಿಯರ್ ಪ್ರಕಾಶನ ಪೇಪರನ್ನಷ್ಟೇ ಅಲ್ಲ, ಭಾಷೆ ತಿದ್ದಿಸಲೆಂದು ನಿಮ್ಮ ವರದಿಯನ್ನೂ ಹಾಕಬಾರದು ಎನ್ನುತ್ತದೆ.

ಈಗ ಮಾಡಬೇಕಾದ್ದು. ಮೊದಲು ಸಂಪಾದಕರಿಗೆ ಮೇಲ್ ಬರೆಯಿರಿ. ಇಂಗ್ಲಿಷಿನಲ್ಲಿ ಬರೆದರೂ ಸಾರ ಇಷ್ಟೇ ಇರಲಿ: "ಈ ಸಂಖ್ಯೆಯ ಪೇಪರನ್ನು ಇಂಥ ದಿನ ಇಂಥ ಚಾಟ್‌ಬಾಟ್‌ನ ಉಚಿತ ಖಾತೆಗೆ ಪೂರ್ತಿ ಹಾಕಿದ್ದೆ. ನಾನು ಕಳಿಸಿದ ವರದಿ ಬಹುಪಾಲು ಅದರಿಂದ ಬಂದದ್ದು. ಅದರಲ್ಲಿ ಎರಡು ತಪ್ಪು ಕಂಡಿವೆ: ನಾಲ್ಕನೇ ಕೋಷ್ಟಕದ ಬಗ್ಗೆ ಬರೆದದ್ದು, ಮತ್ತು ಸೂಚಿಸಿದ ಲೇಖನ. ವರದಿಯನ್ನು ಹಿಂಪಡೆಯುತ್ತೇನೆ. ಪೇಪರಿನಲ್ಲಿ ಗುರುತು ಹಿಡಿಯಬಹುದಾದ ಒಬ್ಬರ ಹೇಳಿಕೆ ಇದೆ, ಲೇಖಕರಿಗೆ ತಿಳಿಸಬೇಕೇ ಎಂಬುದನ್ನು ನೀವು ತೀರ್ಮಾನಿಸಿ." ನೆಪ ಬೇಡ, ಪರೀಕ್ಷೆಯ ಗದ್ದಲದ ಮಾತೂ ಬೇಡ. ಲೇಖಕರು ಯಾರೆಂದು ಊಹೆಯಿದ್ದರೂ ಅವರಿಗೆ ಫೋನ್ ಮಾಡಬೇಡಿ, ಆ ಹೆಣ್ಣುಮಗಳ ಮನೆಗೂ ಹೋಗಬೇಡಿ. ಹೋದರೆ ಗುಟ್ಟು ಇನ್ನೊಮ್ಮೆ ಒಡೆದಂತೆ. ಪೇಪರಿನ ಮೇಲೆ ತೀರ್ಮಾನ ಆಗಿಹೋಗಿದ್ದರೂ ಬರೆಯಿರಿ. ಸಂಪಾದಕರು ಅದನ್ನು ಮತ್ತೆ ತೆರೆಯಬಹುದು, ಇನ್ನೊಬ್ಬರಿಗೆ ಕೊಡಬಹುದು. ನಿಮ್ಮನ್ನು ರಿವ್ಯೂವರ್ ಪಟ್ಟಿಯಿಂದ ಕೈಬಿಟ್ಟರೂ ಕೈಬಿಡಬಹುದು. ಅದಕ್ಕೆ ಸಿದ್ಧರಿರಿ.

ಮೇಲ್ ಕಳಿಸಿದ ಮೇಲೆ ಖಾತೆಗೆ ಬನ್ನಿ. ಚಾಟ್‌ಜಿಪಿಟಿಯಾದರೆ Settings ಒಳಗೆ Data controls ತೆರೆದು "Improve the model for everyone" ಎಂಬುದನ್ನು ಆಫ್ ಮಾಡಿ. ಅಲ್ಲೇ Shared links ನೋಡಿ, ಈ ಮಾತುಕತೆಯ ಲಿಂಕ್ ಇದ್ದರೆ ತೆಗೆಯಿರಿ. ಯಾವ ದಿನ, ಎಷ್ಟು ಹೊತ್ತಿಗೆ ಹಾಕಿದ್ದಿರಿ ಎಂದು ಬರೆದಿಟ್ಟುಕೊಂಡು, ಸಂಪಾದಕರ ಉತ್ತರ ಬಂದ ನಂತರ ಮಾತುಕತೆ ಅಳಿಸಿ. ಸೆಟ್ಟಿಂಗ್ ಆಫ್ ಮಾಡಿದ್ದು ಮುಂದಿನ ಮಾತುಕತೆಗಳಿಗೆ ಮಾತ್ರ. ತರಬೇತಿಗೆ ಆಗಲೇ ಹೋದದ್ದನ್ನು ಹಿಂದಕ್ಕೆ ತರಲಾಗದು.

ಇಂಗ್ಲಿಷ್ ಬಗ್ಗೆ ಒಂದು ಮಾತು. ನಾನೂ ಮೊದಲು ಕನ್ನಡದಲ್ಲೇ ಬರೆದುಕೊಳ್ಳುತ್ತಿದ್ದೆ. "ಪು. 11: ಮಜೂರಿ ಸೀರೆ ಲೆಕ್ಕದಲ್ಲೋ ದಿನದ ಲೆಕ್ಕದಲ್ಲೋ? ಎರಡೂ ಬೆರೆತಿವೆ." ಇದನ್ನು ಇಂಗ್ಲಿಷಿಗೆ ತರಲು ಎಂಟು-ಹತ್ತು ಪದ ಸಾಕು. ಸಂಪಾದಕರಿಗೆ ಬೇಕಿರುವುದು ಆ ಪ್ರಶ್ನೆ, ನಿಮ್ಮ ವ್ಯಾಕರಣವಲ್ಲ. ಮಜೂರಿಯನ್ನು ಎರಡು ರೀತಿ ಎಣಿಸುತ್ತಾರೆಂದು ಬನಹಟ್ಟಿಯವರಾದ ನಿಮಗೆ ಗೊತ್ತಿದೆ. ನಿಮ್ಮನ್ನು ಕರೆದದ್ದು ಇಂಥ ತಿಳಿವಳಿಕೆಗೆ. ಯಾವುದೋ ಸಂಖ್ಯಾಶಾಸ್ತ್ರದ ವಿಧಾನ ಮರೆತಿದ್ದರೆ ಅದೇನೆಂದು ಎಲ್ಲಿ ಬೇಕಾದರೂ ಕೇಳಿ ತಿಳಿಯಿರಿ, ಪೇಪರಿನ ಒಂದು ಸಾಲೂ ಅಲ್ಲಿಗೆ ಹೋಗದಿರಲಿ. ಅದಕ್ಕಿಂತ ಹೆಚ್ಚಿನ ನೆರವು ಬೇಕೆನಿಸಿದರೆ ಸಂಪಾದಕರ ಒಪ್ಪಿಗೆ ಪಡೆದು, ವರದಿಯಲ್ಲಿ ಹೇಳಿಯೇ ಬಳಸಿ.

ಇನ್ನೊಮ್ಮೆ ಕರೆ ಬಂದಾಗ, ಎಷ್ಟು ಪುಟ, ಕೊನೆಯ ದಿನ ಯಾವುದು ಎಂದು ನೋಡಿ. 28 ಪುಟಕ್ಕೆ ಎರಡು ಸಂಜೆ ಬೇಕು. ಪರೀಕ್ಷೆಯ ದಿನಗಳಲ್ಲಿ ಅಷ್ಟು ಸಿಗದಿದ್ದರೆ ಅಂದೇ ಆಗುವುದಿಲ್ಲ ಎಂದು ಬರೆಯಿರಿ. ಎರಡು ವಾರ ಹೆಚ್ಚಿಗೆ ಕೇಳಿದರೂ ಕೊಡುವ ಸಂಪಾದಕರಿದ್ದಾರೆ. ನಾನೂ ಎಷ್ಟೋ ಸಲ ಕೇಳಿದ್ದೇನೆ.