ಗಣಕಯಂತ್ರದ ತೆರೆಯ ಮೇಲಿನ ಕೋಷ್ಟಕದ ಫೋಟೋ ತೆಗೆಯುವ ಬಗೆ

ನಮ್ಮ ವಾಚನಾಲಯಕ್ಕೆ ಬರುವ ಗಿರಣಿ ಕಾರ್ಮಿಕ ಮಿತ್ರರೊಬ್ಬರು ಕಚೇರಿಯ ಗಣಕಯಂತ್ರದ ತೆರೆಯ ಮೇಲಿದ್ದ ತಮ್ಮ ಭವಿಷ್ಯನಿಧಿಯ ಕೋಷ್ಟಕವನ್ನು ಮೊಬೈಲಿನಲ್ಲಿ ಫೋಟೋ ತೆಗೆದು ಊರಿನಲ್ಲಿರುವ ತಮ್ಮನಿಗೆ ಕಳಿಸಿದರು. ಹನ್ನೆರಡು ತಿಂಗಳಿನ ಹನ್ನೆರಡು ಸಾಲು, ಕೆಳಗೆ ಮೊತ್ತ. ತಮ್ಮನಿಂದ ಬಂದ ಉತ್ತರ, "ಅಣ್ಣಾ, ಇದರಲ್ಲಿ ಮೂರು ಯಾವುದು, ಎಂಟು ಯಾವುದು?" ಎಂದು. ಫೋಟೋದ ತುಂಬ ಕಾಮನಬಿಲ್ಲಿನಂತಹ ಬಾಗಿದ ಪಟ್ಟೆಗಳು, ನಡುವೆ ಟ್ಯೂಬ್‌ಲೈಟಿನ ಬಿಳಿ ಗೆರೆ. ಮುದ್ರಿಸಿ ಕೊಡುವುದಾಗಲಿ, ತೆರೆಯನ್ನೇ ಚಿತ್ರವಾಗಿ ಉಳಿಸಿಕೊಡುವುದಾಗಲಿ ಸಾಧ್ಯವಿದ್ದರೆ ಅದೇ ಲೇಸು. ಅದು ಆಗದಲ್ಲಿ ಫೋಟೋವೇ ಗತಿ.

ಆ ಪಟ್ಟೆಗಳಿಗೆ ಮ್ವಾರೆ ಎಂದು ಹೆಸರು. ಬಟ್ಟೆಯ ಕಸುಬಿನಿಂದಲೇ ಬಂದ ಮಾತಿದು. ನೀರಿನ ಅಲೆಯಂತೆ ಮಿನುಗುವ ಒಂದು ಬಗೆಯ ರೇಷ್ಮೆಗೆ ಫ್ರೆಂಚರು ಇಟ್ಟ ಹೆಸರು. ಎರಡು ಪದರ ಸೊಳ್ಳೆಪರದೆಯನ್ನು ಒಂದರ ಮೇಲೊಂದಿಟ್ಟು ನೋಡಿರಿ. ಯಾವ ಪದರದಲ್ಲಿಯೂ ಇಲ್ಲದ ದೊಡ್ಡ ಅಲೆಗಳು ಕಾಣಿಸುತ್ತವೆ. ತೆರೆಯೂ ಸಣ್ಣ ಚುಕ್ಕೆಗಳ ಜಾಲ, ಮೊಬೈಲಿನ ಕ್ಯಾಮರಾದ ಒಳಗಿರುವುದೂ ಅಂತಹುದೇ ಜಾಲ. ಎರಡರ ಹೆಣಿಗೆ ಹೆಚ್ಚುಕಡಿಮೆ ಸಮವಾದಾಗ ಅಲೆ ಏಳುತ್ತದೆ. ಕ್ಯಾಮರಾದ ಒಂದೊಂದು ಚುಕ್ಕೆ ಕೆಂಪು, ಹಸಿರು, ನೀಲಿಗಳಲ್ಲಿ ಒಂದನ್ನೇ ಅಳೆಯುವುದರಿಂದ ಅಲೆಗೆ ಬಣ್ಣವೂ ಬರುತ್ತದೆ.

ನಮ್ಮ ಮಿತ್ರರ ಲೆಕ್ಕವನ್ನೇ ನೋಡೋಣ. ತೆರೆಯ ಅಗಲಕ್ಕೆ 1920 ಚುಕ್ಕೆ, ಅವರ ಮೊಬೈಲಿನ ಫೋಟೋದ ಅಗಲಕ್ಕೆ 4000. ಒಂದೂವರೆ ಅಡಿಯಿಂದ ತೆಗೆದಾಗ ತೆರೆ ಫೋಟೋವನ್ನು ಬಹುಮಟ್ಟಿಗೆ ತುಂಬಿತ್ತು. ಅಂದರೆ ತೆರೆಯ ಒಂದು ಚುಕ್ಕೆಗೆ ಕ್ಯಾಮರಾದ ಚುಕ್ಕೆ ಎರಡಕ್ಕಿಂತ ತುಸು ಕಡಿಮೆ. ಕೆಡುವ ಅಳತೆ ಇದೇ. ಮೂರು ಅಡಿ ಹಿಂದೆ ಸರಿದರೆ ತೆರೆಯ ಜಾಲ ಬಹಳ ಸಣ್ಣದಾಗಿ, ಮಸೂರಕ್ಕೆ ಬಿಡಿಬಿಡಿಯಾಗಿ ಕಾಣದೆ ಕಲೆತುಹೋಗುತ್ತದೆ. ಪಟ್ಟೆ ಬಹುಮಟ್ಟಿಗೆ ಅಡಗುತ್ತದೆ. ಆದರೆ ಅಂಕೆಗಳೂ ಸಣ್ಣವಾಗುತ್ತವಲ್ಲ! ಅದಕ್ಕಾಗಿ ಮೊದಲು ತೆರೆಯ ಮೇಲೆಯೇ ಕೋಷ್ಟಕವನ್ನು ದೊಡ್ಡದು ಮಾಡಬೇಕು. ಬ್ರೌಸರಿನಲ್ಲಿ Ctrl ಮತ್ತು + ಒಟ್ಟಿಗೆ ಒತ್ತುತ್ತ 200% ಮಾಡಿದರೆ ಅಂಕೆ ಇಮ್ಮಡಿಯಾಗುತ್ತದೆ. ಇಡೀ ಕೋಷ್ಟಕ ಹಿಡಿಸದಿದ್ದರೆ ಆರಾರು ಸಾಲುಗಳ ಎರಡು ಫೋಟೋ ತೆಗೆಯಿರಿ.

ಹಿಂದೆ ಸರಿಯುವ ಬದಲು ಮೊಬೈಲಿನ ಮೇಲೆ ಎರಡು ಬೆರಳು ಹಿಗ್ಗಿಸಿದರೆ ಆಗದೇ ಎಂದು ಕೇಳುವವರುಂಟು. ಬರಿಯ ಅದರಿಂದ ಚಿತ್ರದ ಅಂಚು ಕತ್ತರಿಸಿದಂತಾಗುವುದೇ ಹೊರತು ಜಾಲದ ಅಳತೆ ಬದಲಾಗದು. ಕಾಲೇ ನಡೆಯಬೇಕು. ಮೂರು ಅಡಿಯಲ್ಲಿಯೂ ಅಲೆ ಉಳಿದರೆ ಒಂದು ಗೇಣು ಹಿಂದೆಮುಂದೆ ಸರಿದು, ಮೊಬೈಲನ್ನು ನಾಲ್ಕೈದು ಡಿಗ್ರಿ ಓರೆಯಾಗಿ ತಿರುಗಿಸಿ ನೋಡಿರಿ; ಓರೆಯನ್ನು ಆಮೇಲೆ ನೆಟ್ಟಗೆ ಮಾಡಿಕೊಳ್ಳಬಹುದು. ಫೋಟೋದಲ್ಲಿ ಒಮ್ಮೆ ಅಚ್ಚಾದ ಪಟ್ಟೆಯನ್ನು ಆಮೇಲೆ ಅಳಿಸುವುದು ಮಾತ್ರ ಕಷ್ಟ.

ಇಲ್ಲೊಂದು ಮೋಸವಿದೆ. ತೆಗೆದ ಫೋಟೋವನ್ನು ಮೊಬೈಲಿನಲ್ಲಿ ಕಿರಿದಾಗಿ ನೋಡುವಾಗಲೂ ಸುಳ್ಳು ಅಲೆ ಕಾಣಬಹುದು. ಫೋಟೋವನ್ನು ಪೂರ್ತಿ ಹಿಗ್ಗಿಸಿರಿ. ಆಗ ಅಲೆ ಮಾಯವಾದರೆ ಅದು ಫೋಟೋದಲ್ಲಿಲ್ಲ. ಅಂಕೆಗಳ ಮೇಲೆ ಹಾಗೆಯೇ ಕುಳಿತಿದ್ದರೆ ಮತ್ತೊಮ್ಮೆ ತೆಗೆಯಬೇಕು. ತೆಗೆಯುವ ಮೊದಲೇ ಕಪ್ಪು ಪಟ್ಟಿಗಳು ಮೇಲಿಂದ ಕೆಳಗೆ ಹರಿಯುತ್ತಿದ್ದರೆ ಅದು ಮ್ವಾರೆಯಲ್ಲ, ತೆರೆಯ ಹಿಂಬೆಳಕಿನ ಮಿಣುಕು. ತೆರೆಯ ಬೆಳಕನ್ನು ಏರಿಸಿದರೆ ಸಾಮಾನ್ಯವಾಗಿ ಹೋಗುತ್ತದೆ.

ಇನ್ನು ಪ್ರತಿಬಿಂಬದ ಮಾತು. ತೆರೆಯನ್ನು ಒಂದು ಗಳಿಗೆ ಆರಿಸಿ, ಮೊಬೈಲು ಹಿಡಿಯುವ ಜಾಗದಲ್ಲಿಯೇ ನಿಂತು ನೋಡಿರಿ. ಆ ಕಪ್ಪು ಗಾಜಿನಲ್ಲಿ ಕಾಣುವುದೆಲ್ಲ ಫೋಟೋವನ್ನು ಕೆಡಿಸುವಂಥದೇ. ನಮ್ಮ ಮಿತ್ರರಿಗೆ ಕಂಡದ್ದು ಬೆನ್ನ ಹಿಂದಿನ ಟ್ಯೂಬ್‌ಲೈಟು, ಕಿಟಕಿ, ಮತ್ತು ತಮ್ಮದೇ ಬಿಳಿ ಅಂಗಿ! ದೀಪ ಆರಿಸಿ ಕಿಟಕಿ ಮುಚ್ಚಿದೆವು. ಅಂಗಿಗೆ ನಾವು ಹೂಡಿದ ಉಪಾಯ ಮಳೆಗಾಲದ ಕರಿ ಕೊಡೆ: ಅದನ್ನು ಬಿಚ್ಚಿ ಅವರ ಎದೆಗೆ ಅಡ್ಡವಾಗಿ ಹಿಡಿದೆವು, ಮೊಬೈಲು ಅದರ ಮುಂದೆ. ಕಚೇರಿಯವರು ನಕ್ಕರು, ನಗಲಿ. ಹೊಳಪಿಲ್ಲದ ತೆರೆಯಲ್ಲಿ ದೀಪದ ರೂಪ ಕಾಣುವುದಿಲ್ಲ, ಬದಲಿಗೆ ಮಂಜು ಕವಿದಂತೆ ಅಂಕೆಗಳು ಮಾಸುತ್ತವೆ. ಅಲ್ಲಿ ಪಕ್ಕಕ್ಕೆ ಸರಿದರೆ ಸಾಲದು, ದೀಪವನ್ನೇ ಆರಿಸಬೇಕು. ಮೊಬೈಲಿನ ಫ್ಲ್ಯಾಶನ್ನಂತೂ ಹಚ್ಚಲೇಬಾರದು.

ಕತ್ತಲೆ ಕೋಣೆಯಲ್ಲಿ ಕ್ಯಾಮರಾ ಬೆಳಕನ್ನು ತಾನೇ ಹೆಚ್ಚಿಸಿಕೊಂಡು ಬಿಳಿಯ ನಡುವೆ ಅಂಕೆಗಳನ್ನು ತೆಳುವಾಗಿಸಿಬಿಡುತ್ತದೆ. ಆದುದರಿಂದ ಕೋಷ್ಟಕದ ಮೇಲೆ ಬೆರಳಿಟ್ಟು, ಪಕ್ಕದಲ್ಲಿ ಕಾಣುವ ಸೂರ್ಯನ ಗುರುತನ್ನು ತುಸು ಕೆಳಗೆಳೆದು, ಹಿನ್ನೆಲೆ ನಸು ಬೂದಿಯಾದಾಗ ತೆಗೆಯಿರಿ. ಕೈ ನಡುಗದಂತೆ ಮೊಣಕೈಯನ್ನು ಕುರ್ಚಿಯ ಬೆನ್ನಿಗೆ ಊರಿರಿ.

ಎರಡು ಫೋಟೋ ತೆಗೆದು ಮುಗಿಸಿದ ಮೇಲೆ, ತೆರೆಯನ್ನು ಮುಚ್ಚುವ ಮೊದಲು, ನಾವು ಗುಮಾಸ್ತರ ಹಳೆಯ ರೂಢಿಯಂತೆ ಫೋಟೋದಲ್ಲಿ ಕಂಡ ಹನ್ನೆರಡು ಅಂಕೆಗಳನ್ನು ಕಾಗದದ ಮೇಲೆ ಬರೆದು ಕೂಡಿದೆವು. ಮೊದಲ ಸಲ ಕೆಳಗಿನ ಮೊತ್ತಕ್ಕೆ ಐದು ರೂಪಾಯಿ ಕಡಿಮೆ ಬಂತು. ಒಂದು ಎಂಟನ್ನು ಮೂರೆಂದು ಓದಿದ್ದೆವು. ಆ ಆರು ಸಾಲಿನ ಫೋಟೋವನ್ನು ಇನ್ನೊಮ್ಮೆ ತೆಗೆದು, ಮತ್ತೆ ಕೂಡಿ, ಮೊತ್ತ ಸರಿಬಂದ ಬಳಿಕವೇ ತಮ್ಮನಿಗೆ ಕಳಿಸಿದೆವು.